ಕಸ್ತೂರಿಗೆ ಬರೆದ ನಾಲ್ಕು ಸಾಲು

ಕಸ್ತೂರಿಯ ಅತ್ತೆ ತೀರಿಕೊಂಡ ಸುದ್ದಿ ನನಗೆ ಸೋಮವಾರ ಮುಂಜಾನೆ, ಮಕ್ಕಳಿಗೆ ಹಾಲು ಕಾಯಿಸುವಾಗ ಬಂತು.

ನಾವು ಮೂವರು ಸಾರವಾಡದ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ನಾನು ರೇಣುಕವ್ವ, ಎಲ್ಲರಿಗಿಂತ ಹಿರಿಯಳು, ಇನ್ನೊಂದು ವರ್ಷಕ್ಕೆ ಅರವತ್ತು ತುಂಬುತ್ತದೆ. ಸುವರ್ಣಾ ಬಂದು ಮೂರು ವರ್ಷವಾಯಿತು. ಕಸ್ತೂರಿ ಮತ್ತು ನಾನು ಮಾತ್ರ ಹದಿನಾಲ್ಕು ವರ್ಷದಿಂದ ಒಂದೇ ಒಲೆಯ ಎರಡು ಬದಿಗೆ ನಿಂತವರು.

ಸುವರ್ಣಾ ಫೋನು ಕೈಯಲ್ಲಿ ಹಿಡಿದೇ ಒಳಗೆ ಬಂದಳು.

"ಯಕ್ಕಾ, ಕಸ್ತೂರಕ್ಕನ ಅತ್ತಿ ಹೋದಳಂತ. ನಿನ್ನೆ ಮುಂಜಾನೆ ವಿಜಯಪುರಕ್ಕ ದವಾಖಾನಿಗೆ ಒಯ್ದಿದ್ರಂತ, ಸಂಜಿಗೆ ಮುಗೀತು. ಅಲ್ಲಿಂದ ಹಂಗ ಅವರ ಮೂಲ ಊರು ಬಿಜ್ಜರಗಿಗೆ ಒಯ್ದಾರ. ಇವತ್ತ ಅವರ ಹೊಲದಾಗ ಮಣ್ಣು."

ಸುಳ್ಳು ಹೇಳುವುದಿಲ್ಲ, ನನಗೆ ಮೊದಲು ಬಂದದ್ದು ಹೆದರಿಕೆ. ಯಾಕೆಂದರೆ ಶನಿವಾರ ನಾನು ಒಂದು ಮಾತು ಆಡಿದ್ದೆ.

ಕಸ್ತೂರಿ ತನ್ನ ಅತ್ತೆ ಹುಚ್ಚವ್ವನ ಬಗ್ಗೆ ದಿನವೂ ದೂರುತ್ತಿದ್ದಳು. ರೊಟ್ಟಿ ತೆಳ್ಳಗೆ ಬಡಿದರೆ ಹಪ್ಪಳ ಎನ್ನುತ್ತಾಳೆ, ದಪ್ಪ ಬಡಿದರೆ ಸೆಗಣಿಯ ಕುಳ್ಳು ಎನ್ನುತ್ತಾಳೆ. ಈಗತಾನೆ ಚಹಾ ಕುಡಿದು, ಹಾದಿಯಲ್ಲಿ ಹೋಗುವವರನ್ನು ಕರೆದು ಮುಂಜಾನೆಯಿಂದ ಬಾಯಿ ಒಣಗಿದೆ ಎನ್ನುತ್ತಾಳೆ. ನಾನು ಈರುಳ್ಳಿ ಹೆಚ್ಚುತ್ತ ಹೂಂ ಎನ್ನುತ್ತಿದ್ದೆ. ದೂರುವವರಿಗೆ ಬೇಕಾಗುವುದು ಹೂಂ ಎನ್ನುವ ಒಂದು ಬಾಯಿ, ಅಷ್ಟೆ. ಹದಿನಾಲ್ಕು ವರ್ಷ ಹೀಗೆಯೇ ನಡೆದಿತ್ತು. ಆ ಶನಿವಾರ ಅವಳು ತಡವಾಗಿ ಬಂದು, "ಎರಡು ದಿನ ಆತು, ಆಕಿ ಏನೂ ತಿನ್ನವಲ್ಲಳು, ಬಾಯಿ ಬಿಗಿ ಹಿಡದು ಕುಂತಾಳ" ಎಂದಳು. ನಾನು ಉಪ್ಪಿಟ್ಟು ತಿರುವುತ್ತಿದ್ದೆ. ರಟ್ಟೆ ನೋಯುತ್ತಿತ್ತು.

"ಬಿಡ ಬೇ," ಎಂದೆ, "ನಿನ್ನ ಅತ್ತಿ ಯಮಗೂ ಬ್ಯಾಡಾಗ್ಯಾಳ. ಆತ ಬಾಗಲತನಕ ಬಂದು, ಮಾರಿ ನೋಡಿ, ಹೊಳ್ಳಿ ಹೋಗ್ತಾನ."

ಸುವರ್ಣಾ ನಕ್ಕಳು. ಕಸ್ತೂರಿ ನಗಲಿಲ್ಲ. ಬಕೆಟ್ಟು ಎತ್ತಿಕೊಂಡು ನೀರಿನ ಟಾಕಿಯ ಕಡೆಗೆ ಹೋದಳು. ಆ ಮೇಲೆ ಮನೆಗೆ ಹೋಗುವ ತನಕ ನನ್ನ ಜೊತೆ ಮಾತಾಡಲಿಲ್ಲ. ಮರುದಿನವೇ ಹೀಗಾಯಿತು.

ನಮ್ಮ ಮುಖ್ಯಗುರುಗಳು ಸತೀಶಕುಮಾರ ಸರ್ ಒಂದು ಕ್ರೂಸರ್ ಗಾಡಿ ಗೊತ್ತು ಮಾಡಿದರು. "ರೇಣುಕವ್ವಾರ, ನೀವು ಮುಂದಿನ ಸೀಟಿಗೆ ಕೂಡ್ರಿ, ಹಿರೇರು" ಎಂದರು.

"ನಾ ಬರಾಕ ಬರಂಗಿಲ್ರಿ ಸರ್. ಮನ್ಯಾಗ ಬಾಣಂತಿ ಅದಾಳ. ಒಂಬತ್ತು ದಿನದ ಕೂಸು."

ಸರ್ ತಲೆಯಾಡಿಸಿದರು. ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಹಸಿ ಬಾಣಂತಿ ಇರುವಾಗ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ, ಸತ್ತವರ ಮನೆಯ ಹೊಸ್ತಿಲು ತುಳಿದು ಬಂದು ಕೂಸನ್ನು ಎತ್ತಿಕೊಳ್ಳುವುದಿಲ್ಲ. ನನ್ನ ಮಗಳು ವಿದ್ಯಾವತಿಗೆ ಇದು ಚೊಚ್ಚಲ. ಬೇರೆ ಯಾವ ದಿನವಾಗಿದ್ದರೂ ನಾನು ಎಲ್ಲರಿಗಿಂತ ಮೊದಲು ಕಸ್ತೂರಿಯ ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಅವಳಿಗೆ ಇದು ಗೊತ್ತು ಎಂದುಕೊಂಡೆ. ಆದರೆ ಶನಿವಾರದ ಮಾತೂ ಅವಳಿಗೆ ಗೊತ್ತು. ಬರದೆ ಉಳಿದವಳಿಗೆ ಬಾಣಂತಿ ಒಂದು ನೆಪ ಎಂದು ಅವಳು ತಿಳಿದರೆ, ಅದು ಅವಳ ತಪ್ಪೇನೂ ಅಲ್ಲ.

ಆ ದಿನದ ಅನ್ನ ಸಾರು ನಾನೊಬ್ಬಳೇ ಮಾಡಿದೆ. ಬಡಿಸಲು ಇಬ್ಬರು ಟೀಚರು ಕೈಗೂಡಿಸಿದರು.

ಸಂಜೆ ಸುವರ್ಣಾ ಮಣ್ಣಿನಿಂದ ಬಂದು, ತಲೆಯ ಮೇಲೆ ನೀರು ಹಾಕಿಕೊಂಡು ನಮ್ಮ ಮನೆಯ ಕಡೆ ಬಂದಳು. ಕಟ್ಟೆಯ ಆಚೆಯೇ ನಿಂತಳು. ನಾನು ಹೊರಗೆ ಬಂದೆ.

"ಕಸ್ತೂರಕ್ಕ ಅಳಲಿಲ್ಲ ಯಕ್ಕಾ," ಎಂದಳು. "ಒಂದು ಹನಿ ಕಣ್ಣೀರ ಇಲ್ಲ. ಗ್ವಾಡಿಗೆ ಆನಿಕೊಂಡು ಕುಂತಿದ್ಲು. ಬೀಗತ್ಯಾರು ಗುಸುಗುಸು ನಡಸಿದ್ರು, ಸೊಸಿಗೆ ಒಳಗ ಹಾಲು ಕುಡದಂಗ ಆಗೇತಿ ಅಂತ."

"ನನ್ನ ಕೇಳಿದಳೇನು?"

ಸುವರ್ಣಾ ಸೀರೆಯ ಸೆರಗು ಹಿಂಡಿದಳು. "ಇಲ್ಲಕ್ಕ. ಬಾಣಂತಿ ವಿಷಯ ನಾನ ಹೇಳಿದೆ. ಹೂಂ ಅಂದಳು, ಅಷ್ಟ. ಮತ್ತ ಸರ್‌ಗೆ ಒಂದು ಮಾತು ಅಂದಳು. ನಾ ಇನ್ನ ಬಿಜ್ಜರಗ್ಯಾಗ ಉಳೀತೀನ್ರಿ, ಕುರಿ ನೋಡ್ಕೊಂಡು ಇರ್ತೀನಿ, ಅಡಗಿಗೆ ಬ್ಯಾರೆ ಯಾರನ್ನಾರ ನೋಡ್ರಿ ಅಂತ."

"ಸರ್ ಏನಂದ್ರು?"

"ದಿವಸದ ಕಾರ್ಯ ಮುಗೀಲಿ, ಆಮ್ಯಾಲ ಮಾತಾಡೋಣು ಅಂದ್ರು."

ಹದಿನಾಲ್ಕು ವರ್ಷದ ಒಲೆಯನ್ನು ಒಂದು ಮಾತು ಆರಿಸಿತೇ ಎಂದು ನನಗೆ ಅನ್ನಿಸಿತು. ಒಳಗೆ ಬಂದು ಕಸ್ತೂರಿಗೆ ಫೋನು ಹಚ್ಚಿದೆ. ಎತ್ತಿದವನು ಅವಳ ಗಂಡ ಅಮೋಘಿ. "ಮಂದಿ ಭಾಳ ಕುಂತಾರ ಯಕ್ಕಾ, ಆಮ್ಯಾಲ ಕೊಡ್ತೀನಿ" ಎಂದ. ಆ ಮೇಲೆ ಕೊಡಲಿಲ್ಲ. ಕೊಟ್ಟಿದ್ದರೂ, ಅಷ್ಟು ಜನರ ನಡುವೆ ಅವಳು ಕಿವಿಗೆ ಫೋನು ಹಿಡಿದು ಹೂಂ ಹೂಂ ಎನ್ನಬೇಕಾಗಿತ್ತು. ಹೇಳುವ ಮಾತು ನನಗೂ ಸಿಗುತ್ತಿರಲಿಲ್ಲ.

ವಿದ್ಯಾವತಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. "ಬರದು ಕಳಸಲ್ಲ ಯವ್ವಾ. ವಾಟ್ಸಾಪಿನ್ಯಾಗ. ತಯಾರ ಇದ್ದದ್ದ ಸಿಗ್ತಾವ, ಒತ್ತಿದ್ರ ಮುಗೀತು."

ಶಾಲೆಯ ಗುಂಪಿನಲ್ಲಿ ಆಗಲೇ ಬಂದದ್ದನ್ನು ಅವಳೇ ಓದಿ ಹೇಳಿದಳು. ಸರ್ ಹಾಕಿದ್ದರು: ನಮ್ಮ ಶಾಲೆಯ ಅಡುಗೆ ಸಿಬ್ಬಂದಿಯಾದ ಶ್ರೀಮತಿ ಕಸ್ತೂರಿಯವರ ಪೂಜ್ಯ ಮಾತೋಶ್ರೀಯವರು ದೈವಾಧೀನರಾಗಿದ್ದು, ಮೃತರ ಆತ್ಮಕ್ಕೆ ಚಿರಶಾಂತಿ ಸಿಗಲೆಂದು ಪ್ರಾರ್ಥಿಸುತ್ತೇವೆ. ಅದರ ಕೆಳಗೆ ಕೈಮುಗಿದ ಚಿತ್ರ ಇಪ್ಪತ್ತೋ ಇಪ್ಪತ್ತೈದೋ. ಒಬ್ಬರು, ತಾಯಿಯಂಥ ಅತ್ತೆಯನ್ನು ಕಳೆದುಕೊಂಡ ಕಸ್ತೂರಿಯವರಿಗೆ, ಎಂದು ಬರೆದಿದ್ದರು. ಇನ್ನೊಬ್ಬರು, ವಯಸ್ಸಾಗಿತ್ತು, ನರಳದೆ ಹೋದರು, ಪುಣ್ಯವಂತರು, ಎಂದು.

"ಮಾತೋಶ್ರೀ ಅಂದ್ರ ತಾಯಿ ಅಲ್ಲೇನು?" ಎಂದೆ. "ಆಕಿ ತಾಯಿ ಹೋಗಿ ಹತ್ತು ವರ್ಷ ಆತಲ್ಲ."

"ಸರ್ ಯಾವಾಗಲೂ ಅದನ್ನ ಹಾಕ್ತಾರ. ಹೆಸರಷ್ಟ ಬದಲ ಮಾಡ್ತಾರ."

ಕಸ್ತೂರಿ ಯಾವುದಕ್ಕೂ ಏನನ್ನೂ ಬರೆದಿರಲಿಲ್ಲ. ನಾನು ಬೇರೆ ಬರೆಯುತ್ತೇನೆ ಎಂದುಕೊಂಡೆ.

ಬರೆಯುವುದನ್ನು ಮನೆಯಲ್ಲಿ ಮಾಡಲಿಲ್ಲ. ನಾನು ಚಿಕ್ಕವಳಿದ್ದಾಗ ಸಾವಿನ ಕಾಗದ ಬಂದರೆ ಒಳಗೆ ತರುತ್ತಿರಲಿಲ್ಲ. ಅಂಗಳದಲ್ಲಿ ಓದಿಸಿ, ಅಲ್ಲಿಯೇ ಹರಿದು ಹಾಕುತ್ತಿದ್ದರು. ಬಾಣಂತಿ ಮಲಗಿದ ಮನೆಯಲ್ಲಿ ಅಂಥ ಕಾಗದ ಬರೆಯಲು ನನಗೆ ಮನಸ್ಸಾಗಲಿಲ್ಲ. ಮಂಗಳವಾರ ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ, ಸರ್ ಕಡೆಯಿಂದ ನಾಲ್ಕು ಹಾಳೆ ಮತ್ತು ಪೆನ್ನು ಇಸಿದುಕೊಂಡು ಅಡುಗೆ ಕೋಣೆಯ ಮೂಲೆಯಲ್ಲಿ, ಅಕ್ಕಿ ಚೀಲದ ಮೇಲೆ ಕುಳಿತೆ. ಸುವರ್ಣಾ ಎದುರಿಗೆ ಮರುದಿನದ ಬೇಳೆ ಹಸನು ಮಾಡುತ್ತ ಕುಳಿತಳು.

ನಾನು ಕಲಿತದ್ದು ಮೂರನೆಯ ಇಯತ್ತೆ. ಪತ್ರ ಹೇಗೆ ಬರೆಯಬೇಕೆಂದು ಮಾಸ್ತರರು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದರು. ಕೈ ಅದನ್ನೇ ಬರೆಯಿತು. ಬರೆದು ಸುವರ್ಣಾಳಿಗೆ ಓದಿದೆ.

"ಇತ್ತ ನಾವೆಲ್ಲರೂ ಕ್ಷೇಮ. ಅತ್ತ ನೀವೆಲ್ಲರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ."

ಸುವರ್ಣಾ ಬೇಳೆಯ ಮೊರವನ್ನು ಕೆಳಗಿಟ್ಟಳು. "ಯಕ್ಕಾ, ಮಣ್ಣು ಕೊಟ್ಟು ಇನ್ನ ಎರಡು ದಿನ ಆಗಿಲ್ಲ. ಕ್ಷೇಮ ಅಂತಿಯಲ್ಲ."

"ಹಂಗ ಬರೀಬೇಕಂತ ಕಲಿಸಿದ್ರು ಬೇ."

"ಕಲಿಸಿದ ಮಾಸ್ತರ ಮನ್ಯಾಗ ಯಾರೂ ಸತ್ತಿರಲಿಕ್ಕಿಲ್ಲ."

ಹರಿದು ಹಾಕಿದೆ. ಎರಡನೆಯ ಹಾಳೆಯಲ್ಲಿ ಮನಸ್ಸಿನಲ್ಲಿದ್ದದ್ದನ್ನೇ ಬರೆದೆ. ಶನಿವಾರ ನಾನು ಹಾಗೆ ಅನ್ನಬಾರದಿತ್ತು, ನನ್ನ ನಾಲಿಗೆಗೆ ಬರೆ ಹಾಕಬೇಕು, ಎರಡು ದಿನದಿಂದ ನನಗೆ ನಿದ್ದೆ ಇಲ್ಲ, ತುತ್ತು ಇಳಿಯುತ್ತಿಲ್ಲ, ನೀನು ಸಿಟ್ಟು ಮಾಡಿಕೊಂಡರೆ ನಾನು ಯಾರಿಗೆ ಹೇಳಲಿ, ಒಂದು ಸಲ ನನ್ನನ್ನು ಕ್ಷಮಿಸಿದೆ ಎಂದು ತಿಳಿಸು. ಹಾಳೆಯ ಎರಡು ಬದಿ ತುಂಬಿತು. ಬರೆಯುತ್ತ ಕಣ್ಣಲ್ಲಿ ನೀರು ಬಂತು. ಚೆನ್ನಾಗಿ ಬರೆದಿದ್ದೇನೆ ಎನ್ನಿಸಿತು.

ಆಮೇಲೆ ಮತ್ತೊಮ್ಮೆ ಓದಿಕೊಂಡಾಗ ನನ್ನ ಗಂಡ ತೀರಿಕೊಂಡ ದಿನ ನೆನಪಾಯಿತು. ಕನಮಡಿಯಿಂದ ನನ್ನ ನಾದಿನಿಯ ನೆಗೆಣ್ಣಿ ಬಂದಿದ್ದಳು. ಬಂದವಳೇ ನನ್ನ ಕೊರಳಿಗೆ ಬಿದ್ದು, ಅಣ್ಣ ಕರೆದಾಗ ನಾನು ಬರಲಿಲ್ಲ, ಕೊನೆಗೊಮ್ಮೆ ಮಾತಾಡಿಸಲಿಲ್ಲ, ನಾನು ಪಾಪಿ ಎಂದು ಎದೆ ಬಡಿದುಕೊಂಡು ಅತ್ತಳು. ನಾನೇ ಅವಳನ್ನು ಹಿಡಿದು ಕೂಡಿಸಿದೆ. ನಾನೇ ಎದ್ದು ಹೋಗಿ ನೀರು ತಂದುಕೊಟ್ಟೆ. ಗಂಡನ ಹೆಣ ಹೊರಗೆ ಇತ್ತು, ನಾನು ಒಳಗೆ ಇನ್ನೊಬ್ಬಳನ್ನು ಸಮಾಧಾನ ಮಾಡುತ್ತಿದ್ದೆ. ಅವಳ ದುಃಖ ಸುಳ್ಳಲ್ಲ. ಆದರೆ ಅದನ್ನು ಹೊರುವ ದಿನ ನನ್ನದಾಗಿರಲಿಲ್ಲ.

ನಾನು ಈಗ ಕಸ್ತೂರಿಗೆ ಮಾಡಹೊರಟಿದ್ದು ಅದನ್ನೇ. ಅವಳ ಮನೆಯಲ್ಲಿ ಸಾವಾಗಿದೆ, ನಾನು ನನ್ನ ನಿದ್ದೆಯ ಸುದ್ದಿ ಬರೆದಿದ್ದೇನೆ. ಕ್ಷಮಿಸಿದೆ ಎನ್ನಬೇಕಾದ ಕೆಲಸವನ್ನೂ ಅವಳಿಗೇ ಹಚ್ಚಿದ್ದೇನೆ. ತಪ್ಪನ್ನು ಒಪ್ಪಿಕೊಳ್ಳುವುದು ಎದುರಿಗೆ ನಿಂತು ಮಾಡುವ ಕೆಲಸ, ಅದಕ್ಕೆ ಅವಳು ಬರುವ ತನಕ ಕಾಯಬೇಕು, ಬರದಿದ್ದರೆ ಕೂಸು ದೊಡ್ಡದಾದ ಮೇಲೆ ನಾನು ಹೋಗಬೇಕು. ಆ ಹಾಳೆಯನ್ನೂ ಹರಿದೆ.

"ಏನಾತ?" ಎಂದಳು ಸುವರ್ಣಾ.

"ಅದರಾಗ ಹುಚ್ಚವ್ವ ಇರಲಿಲ್ಲ. ಬರೇ ನಾನ ಇದ್ದೆ."

"ಹಂಗಾರ ಹುಚ್ಚವ್ವ ಆಯಿನ ಹೊಗಳಿ ಬರಿ. ಸತ್ತವರಿಗೆ ಹೊಗಳಬೇಕು."

ಮೂರನೆಯ ಹಾಳೆಯಲ್ಲಿ, ನಿನ್ನ ಅತ್ತೆ ದೇವತೆಯಂಥವಳು, ನಿನ್ನನ್ನು ಮಗಳ ಹಾಗೆ ನೋಡಿಕೊಂಡಳು, ಎಂದು ಬರೆದೆ. ಓದಿದೆ. ಸುವರ್ಣಾ ಬೇಳೆಯ ಮೇಲೆ ಬಗ್ಗಿ ನಗು ನುಂಗಿದಳು. "ಇದನ್ನ ಓದಿದ್ರ ಕಸ್ತೂರಕ್ಕ, ರೇಣವ್ವಕ್ಕಗ ತಲಿ ಕೆಟ್ಟೈತಿ ಅಂತಾಳ ನೋಡ."

ಹೌದು. ಊರಿನ ಬೇರೆ ಯಾರು ಬರೆದರೂ ನಡೆಯುತ್ತಿತ್ತು. ಹದಿನಾಲ್ಕು ವರ್ಷದ ದೂರು ಕೇಳಿದವಳು ಬರೆದರೆ ಅದು ಅಣಕವಾಗುತ್ತಿತ್ತು.

ಒಂದೇ ಹಾಳೆ ಉಳಿದಿತ್ತು. ನಾನು ಬಹಳ ಹೊತ್ತು ಬರೆಯದೆ ಕುಳಿತೆ. ಹುಚ್ಚವ್ವನನ್ನು ನಾನು ಕಣ್ಣಾರೆ ಕಂಡದ್ದು ಏನು, ಕಸ್ತೂರಿಯ ಬಾಯಿಯಿಂದ ಕೇಳಿದ್ದನ್ನು ಬಿಟ್ಟು? ಯೋಚಿಸುತ್ತಾ ಹೋದರೆ ಮೂರು ದಿನ ಸಿಕ್ಕವು.

ಸುವರ್ಣಾ ಬರುವುದಕ್ಕಿಂತ ಮೊದಲಿನ ಮಾತು. ಕಸ್ತೂರಿ ಕೀಲುಕೀಲಿಗೆ ಜ್ವರ ಹೊಕ್ಕು ಮಲಗಿದ್ದಳು. ಆಗ ನಾವು ಇಬ್ಬರೇ. ಮಾರನೆಯ ದಿನ ಹುಚ್ಚವ್ವ ಕೋಲು ಊರಿಕೊಂಡು ಶಾಲೆಗೆ ಬಂದಳು. "ಸೊಸಿ ಬದಲಿ ನಾ ಬಂದೀನಿ, ಏನ ಮಾಡಲಿ ಹೇಳು" ಎಂದಳು. ಒಲೆಯ ಮುಂದೆ ನಿಲ್ಲುವ ಶಕ್ತಿ ಇರಲಿಲ್ಲ, ಮೊರ ಕೊಟ್ಟು ಅಕ್ಕಿ ಹಸನು ಮಾಡಲು ಕೂಡಿಸಿದೆ. ಮೂರು ದಿನ ಬಂದಳು. ಎರಡನೆಯ ದಿನ, ಮೊರವನ್ನು ಬೆಳಕಿಗೆ ಹಿಡಿದು, ತನಗೆ ತಾನೇ ಎನ್ನುವ ಹಾಗೆ ಹೇಳಿದಳು: "ಕಸ್ತೂರಿ ಕೈಯಾಗ ಹಾದ ಅಕ್ಕ್ಯಾಗ ಒಂದು ಹರಳು ಸಿಗಂಗಿಲ್ಲ. ನಂದು ಹಂಗ ಆಗಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಆಕಿ ಮುಂದ ಹೇಳೀಗೀಳಿ, ಕೋಡು ಮೂಡ್ತಾವ" ಎಂದಳು.

ಅವಳು ಬಂದದ್ದು ಕಸ್ತೂರಿಗೆ ಗೊತ್ತಿತ್ತು. "ಮನ್ಯಾಗ ಕುಂಡ್ರಾಕ ಬ್ಯಾಸರಾಗಿ ಬಂದಾಳ" ಎಂದಿದ್ದಳು. ಆಡಿದ ಮಾತು ಗೊತ್ತಿರಲಿಲ್ಲ. ಹೇಳಬೇಡ ಎಂದಿದ್ದಳೆಂದು ನಾನೂ ಹೇಳಿರಲಿಲ್ಲ. ಆಮೇಲೆ ಮರೆತೂಬಿಟ್ಟೆ.

ಸುವರ್ಣಾಳಿಗೆ ಹೇಳಿದೆ. "ಬರೀಲೇನು? ಹೇಳಬ್ಯಾಡ ಅಂದಿದ್ಲು."

ಸುವರ್ಣಾ ಬೇಳೆಯೊಳಗಿನ ಒಂದು ಹರಳು ಆರಿಸಿ ಎಸೆದಳು. "ಇದ್ದಾಗ ಬ್ಯಾಡ ಅಂದಿದ್ಲು," ಎಂದಳು. "ಈಗ ಕೋಡು ಮೂಡಿದ್ರ ಯಾರಿಗೆ ತ್ರಾಸ?"

ನಾಲ್ಕನೆಯ ಹಾಳೆಯಲ್ಲಿ ಬರೆದದ್ದು ಇಷ್ಟು. ನಾನು ಮಾತಾಡುವ ಹಾಗೆಯೇ ಬರೆದೆ.

ಕಸ್ತೂರಿ,
ಹುಚ್ಚವ್ವ ಅತ್ತಿ ಹೋದ ಸುದ್ದಿ ಸೋಮವಾರ ತಿಳೀತು. ಮನ್ಯಾಗ ಬಾಣಂತಿ ಅದಾಳಂತ ಮಣ್ಣಿಗೆ ಬರಾಕ ಆಗಲಿಲ್ಲ. ಮನಸ ಅಲ್ಲೇ ಐತಿ.
ನಿನಗ ಜ್ವರ ಬಂದಾಗ ಆಕಿ ಮೂರು ದಿನ ಸಾಲಿಗೆ ಬಂದು ಅಕ್ಕಿ ಹಸನ ಮಾಡಿದ್ಲು. ಕಸ್ತೂರಿ ಕೈಯಾಗ ಹಾದ ಅಕ್ಕ್ಯಾಗ ಒಂದು ಹರಳು ಸಿಗಂಗಿಲ್ಲ ಅಂತ ಅಂದಿದ್ಲು. ನಿನ್ನ ಮುಂದ ಹೇಳಬ್ಯಾಡ ಅಂದಿದ್ಲು, ಅದಕ್ಕ ಹೇಳಿರಲಿಲ್ಲ.
ದಿವಸ ಮುಗಿಯೂತನಕ ನಿನ್ನ ಕೆಲಸ ನಾನು ಸುವರ್ಣಾ ಮಾಡ್ತೀವಿ. ಅದರ ಚಿಂತಿ ಬ್ಯಾಡ. ಇದಕ್ಕ ಉತ್ತರ ಬರೀಬೇಕಂತ ಇಲ್ಲ.
ರೇಣುಕವ್ವ

ಕೊನೆಗೆ ರೂಢಿಯ ಹಾಗೆ "ಬರ್ತೀನಿ" ಎಂದು ಬರೆಯಲು ಹೋಗಿ ಕೈ ತಡೆದೆ. ಮಣ್ಣಿನ ಮನೆಯಿಂದ ಏಳುವಾಗ ಯಾರೂ ಬರ್ತೀನಿ ಎನ್ನುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ಕಾಗದವೂ ಹಾಗೆಯೇ ಎದ್ದು ಹೋಗಲಿ ಎಂದು ಬಿಟ್ಟೆ.

ಅಷ್ಟರಲ್ಲಿ ಸತೀಶಕುಮಾರ ಸರ್ ಬಾಗಿಲಲ್ಲಿ ನಿಂತರು. "ನೋಡೋಣ ತರ್ರಿ ರೇಣುಕವ್ವಾರ, ತಪ್ಪಿದ್ರ ತಿದ್ದಿ ಕೊಡ್ತೀನಿ."

"ತಪ್ಪು ಇರ್ತಾವ್ರಿ ಸರ್. ನೀವು ತಿದ್ದಿದ್ರ ಅದು ನಿಮ್ಮ ಕಾಗದ ಆಗತೈತಿ."

ಸರ್ ನಕ್ಕು, ನಿಂತಲ್ಲಿಯೇ ಓದಿದರು. ಓದಿ ಮುಗಿದರೂ ಹಾಳೆ ಕೊಡಲಿಲ್ಲ. "ಚಿರಶಾಂತಿ ಅಂತ ಒಂದು ಸಾಲು ಹಾಕಿದ್ರ..." ಎಂದು ಶುರು ಮಾಡಿದವರು ಅಲ್ಲಿಗೇ ಬಿಟ್ಟರು. "ಇರಲಿ ಬಿಡ್ರಿ. ಗುಂಪಿನ್ಯಾಗ ಹಾಕ್ತೀರೇನು?"

"ಇಲ್ರಿ. ಆಕಿಗಷ್ಟ. ಹತ್ತು ಮಂದಿ ಓದಿದ್ರ ಆಕಿ ಹತ್ತು ಮಂದಿ ಮುಂದ ಕುಂತಂಗ ಆಗತೈತಿ."

"ನಂದೂ ಒಂದು ತಪ್ಪಾಗೇತಿ," ಎಂದರು ಸರ್ ತಗ್ಗಿದ ದನಿಯಲ್ಲಿ. "ಮಾತೋಶ್ರೀ ಅಂತ ಹಾಕಿಬಿಟ್ಟೀನಿ. ಹಿಂದ ಬ್ಯಾರೆಯವರಿಗೆ ಬರದದ್ದನ್ನ ಹಂಗ ಹಾಕಿದ್ದು."

"ಅಳಿಸಿಬಿಡ್ರಲ್ಲ ಸರ್. ಇನ್ನ ಟೈಮ್ ಐತಿ."

ಅವರು ತಮ್ಮ ಫೋನು ತೆಗೆದುಕೊಂಡು ಹೊರಗೆ ಹೋದರು. ಅಳಿಸಿದರೋ ಬಿಟ್ಟರೋ ನಾನು ಕೇಳಲಿಲ್ಲ.

ಸುವರ್ಣಾ ನನ್ನ ಫೋನಿನಿಂದಲೇ ಹಾಳೆಯ ಫೋಟೋ ತೆಗೆದು, ಕಸ್ತೂರಿಯ ಹೆಸರಿಗೆ ಕಳಿಸಿದಳು. ನನ್ನ ಅಕ್ಷರ ಉಳುಮೆಗೆ ಹೊಸ ಎತ್ತು ಕಟ್ಟಿದ ಹಾಗೆ ಅತ್ತ ಇತ್ತ ಹೋಗಿದ್ದವು. ಇರಲಿ, ನನ್ನದೇ ಎಂದಾದರೂ ಗೊತ್ತಾಗುತ್ತದೆ. ಕಳಿಸಿದ ಮೇಲೆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ಕೈಕಾಲು ತೊಳೆದುಕೊಂಡು ಮನೆಗೆ ಹೋದೆ.

ಬುಧವಾರ ಮುಂಜಾನೆ ಎರಡು ಗೆರೆ ನೀಲಿಯಾಗಿದ್ದವು. ಓದಿದ್ದಾಳೆ. ಬೇರೆ ಏನೂ ಇಲ್ಲ. ಗುರುವಾರವೂ ಇಲ್ಲ. ಬಾಣಂತಿಗೆ ನೀರು ಹಾಕಿ, ಕೂಸಿಗೆ ಹೊಗೆ ತೋರಿಸಿ ಬಂದು ಕೂತಾಗೊಮ್ಮೆ ನಾನು ಫೋನು ತೆಗೆಯುತ್ತಿದ್ದೆ.

ವಿದ್ಯಾವತಿ ನೋಡಿ ನೋಡಿ ಹೇಳಿದಳು, "ಉತ್ತರ ಬ್ಯಾಡಂತ ನೀನ ಬರದಿ. ಈಗ ನೀನ ಬಗ್ಗಿ ಬಗ್ಗಿ ನೋಡಾಕತ್ತಿ."

"ಆಕಿಗೆ ಬ್ಯಾಡ ಅಂದೀನಿ. ನನಗ ಬ್ಯಾಡ ಅಂದಿಲ್ಲ."

"ಹಂಗಾರ ಆಕಿಗೆ ಹೇಳು, ನಮ್ಮವ್ವಗ ಬೇಕಾಗೇತಿ ಅಂತ."

"ಸುಮ್ನಿರ ಲೇ. ಕೂಸಿನ ಕಡೆ ನೋಡು."

ಆದರೆ ಮಗಳು ಹೇಳಿದ್ದು ನನಗೆ ನಾಟಿತು. ಉತ್ತರ ಬೇಡ ಎಂದು ಬರೆದ ಮೇಲೆ ಕಾಯುವುದೂ ಒಂದು ಬಗೆಯ ಕೇಳುವುದೇ. ಆ ಮೇಲೆ ಫೋನನ್ನು ಗೋಡೆಯ ಗೂಡಿನಲ್ಲಿಟ್ಟೆ. ಶಾಲೆಯಲ್ಲಿ ನಾನು ಮತ್ತು ಸುವರ್ಣಾ ಮೂವರ ಕೆಲಸ ಮಾಡಿದೆವು. ಕಸ್ತೂರಿಯ ಜಾಗಕ್ಕೆ ಬೇರೆ ಯಾರನ್ನು ನೋಡಲಿ ಎಂದು ಸರ್ ಒಮ್ಮೆ ಕೇಳಿದರು. "ದಿವಸ ಮುಗೀಲ್ರಿ" ಎಂದೆ. ನನಗೆ ಏನೂ ಗೊತ್ತಿರಲಿಲ್ಲ, ಆದರೂ ಹಾಗೆ ಎಂದೆ.

ಮಣ್ಣಾಗಿ ಎರಡು ವಾರಕ್ಕೆ, ಸೋಮವಾರ, ನಾನು ಬಾಗಿಲ ಕೀಲಿ ತೆಗೆಯುವ ಹೊತ್ತಿಗೆ ಕಸ್ತೂರಿ ಟಾಕಿಯ ಹತ್ತಿರ ನಿಂತಿದ್ದಳು. ಮುಖ ಇಳಿದಿತ್ತು. ನಮ್ಮ ಮನೆಯಲ್ಲಿ ಕೂಸಿನ ತೊಟ್ಟಿಲು ಆಗಿತ್ತು, ಅವಳ ಮನೆಯಲ್ಲಿ ದಿವಸ ಮುಗಿದಿತ್ತು. ಮುಟ್ಟಲು ಇನ್ನು ತಡೆ ಇರಲಿಲ್ಲ. ಹೋಗಿ ಅವಳ ತೋಳು ಹಿಡಿದುಕೊಂಡೆ. ಒಳಗೆ ಬಂದು ಹಾಲಿನ ಪುಡಿ ಕಲಸಲು ಕುಳಿತೆವು. ಸುವರ್ಣಾ ಇನ್ನೂ ಬಂದಿರಲಿಲ್ಲ.

"ಕಸ್ತೂರಿ," ಎಂದೆ, "ಶನಿವಾರ ನಾ ಆಡಿದ್ದು ತಪ್ಪಾತು. ಯಮನ ಮಾತು. ಹಂಗ ಅನಬಾರದಿತ್ತು."

ಅವಳು ಸೌಟು ತಿರುವುತ್ತಲೇ ಇದ್ದಳು.

"ಸಿಟ್ಟು ಬಂದಿತ್ತಕ್ಕ," ಎಂದಳು. "ಸುಳ್ಳ ಯಾಕ ಹೇಳಲಿ. ಆಕಿ ಎರಡು ದಿನದಿಂದ ಬಾಯಿಗೆ ಏನೂ ಮುಟ್ಟಿಸಿರಲಿಲ್ಲ. ನನಗ ಒಳಗ ದಿಗಿಲ ಇತ್ತು, ಹೊರಗ ಬೈಗಳಾಗಿ ಬಂತು. ನೀ ಹಂಗ ಅಂದಿ. ದವಾಖಾನ್ಯಾಗಿಂದ ಗಾಡಿಯಾಗ ಒಯ್ಯುಮುಂದ ಅದ ಮಾತು ಕಿವ್ಯಾಗ ಬರ್ತಿತ್ತು. ಇನ್ನ ಆ ಒಲಿ ಮುಂದ ನಿಂದ್ರಂಗಿಲ್ಲ ಅಂತ ಅನಕೊಂಡಿದ್ದೆ."

ನಾನು ಹೂಂ ಎಂದೆ. ಆ ಹೂಂ ಮೊದಲಿನದರಂತೆ ಇರಲಿಲ್ಲ.

"ಮಂದಿ ಬರೋರು, ದೇವತಿ ಹಂಥಾಕಿ ಅನ್ನೋರು. ನಾ ಯಾರನ್ನ ನೆನಸಿ ಅಳಬೇಕು? ನಮ್ಮನ್ಯಾಗಂತೂ ದೇವತಿ ಇರಲಿಲ್ಲ. ಕುಳ್ಳು, ಹಪ್ಪಳ ಅನ್ನೋ ಮುದುಕಿ ಇದ್ಲು. ಆಕಿ ಹೆಸರ ಯಾರೂ ತಗೀಲಿಲ್ಲ. ನಾ ಸುಮ್ಮ ಕುಂತೆ. ಸೊಸಿ ಅಳವಲ್ಲಳು ಅಂತ ಹೊರಗ ಮಾತಾತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನ ಕಾಗದ ಬಂದಾಗ ಕುರಿ ಹಟ್ಟ್ಯಾಗ ಇದ್ದೆ. ಅಲ್ಲೇ ಕುಂತು ಓದಿದೆ. ಅಲ್ಲೇ ಅತ್ತೆ. ಅಮೋಘಿ ಏನಾತಂತ ಓಡಿ ಬಂದ. ಫೋನ ಕೊಟ್ಟೆ. ಆತ ಓದಿ, ಗ್ವಾಡಿ ಕಡೆ ಮಾರಿ ಮಾಡಿದ. ನಮ್ಮವ್ವ ಹಂಗ ಅಂದಿದ್ಲೇನು ಅಂತ ಎರಡು ಸಲ ಕೇಳಿದ."

"ಅಂದಿದ್ಲು. ನಾ ಕೂಡಿಸಿ ಬರೀಲಿಲ್ಲ."

"ಗೊತ್ತೈತಿ. ಹೇಳಬ್ಯಾಡ ಅಂದಿದ್ಲು ಅಂತ ಬರದಿಯಲ್ಲ, ಅದನ್ನ ಓದಿದ ಕೂಡ್ಲೆ ಗೊತ್ತಾತು. ಆಕಿನ ಹಂಗ ಅನ್ನಾಕಿ."

ಹಾಲು ಕುದಿಯಲು ಇಟ್ಟೆವು. ಕಸ್ತೂರಿ ತನ್ನ ಬದಿಗೆ ನಿಂತಳು, ನಾನು ನನ್ನ ಬದಿಗೆ.

"ಮೂರು ದಿನ ಬಂದಿದ್ಲಲ್ಲ," ಎಂದಳು ಅವಳು. "ಮತ್ತೇನ ಅಂದ್ಲು? ಎಲ್ಲಾ ಹೇಳು. ಚಲೋದಷ್ಟ ಆರಿಸಿ ಹೇಳಬ್ಯಾಡ."

ನಾನು ನೆನಪು ಮಾಡಿಕೊಂಡೆ. "ನಿನ್ನ ಸಾರಿಗೆ ಹುಣಸಿಹುಳಿ ಜಾಸ್ತಿ ಅಂದ್ಲು. ಹುಡುಗರ ಹಲ್ಲು ಚುಳ್ ಅಂತಾವ ಅಂದ್ಲು."

ಕಸ್ತೂರಿಯ ತುಟಿ ಅಲುಗಿತು. "ಮತ್ತ?"

"ನನ್ನ ರೊಟ್ಟಿನೂ ಬಿಡಲಿಲ್ಲ. ಇವನ್ನ ಬಾಗಲಕ್ಕ ಆಸರ ಇಡಬೇಕು ಅಂದ್ಲು."

ಅವಳು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. "ಹೂಂ," ಎಂದಳು, "ಮುಂದ ಹೇಳು."

ಹೊರಗೆ ಪ್ರಾರ್ಥನೆಗೆ ಮಕ್ಕಳು ಸಾಲು ನಿಲ್ಲುತ್ತಿದ್ದರು. ಆ ಮೂರು ದಿನದಲ್ಲಿ ಹುಚ್ಚವ್ವ ಏನೇನು ಅಂದಿದ್ದಳೆಂದು, ಬೈದದ್ದನ್ನೂ ಬಿಡದೆ, ನಾನು ಹೇಳತೊಡಗಿದೆ.